ಬರೆಯದ ಪರೀಕ್ಷೆಗೆ ಎಷ್ಟು ಅಂಕ?

ಕಾಯಿಲೆ ಬಿದ್ದು ಎರಡನೇ ಪರೀಕ್ಷೆಗೆ ಗೈರಾದ ವಿದ್ಯಾರ್ಥಿನಿಗೆ ಎಷ್ಟು ಅಂಕ ಹಾಕುವುದು ಎಂದು ಕೇಳಿಕೊಂಡು ಬರುವ ಶಿಕ್ಷಕರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ: "ಆ ಪರೀಕ್ಷೆಯನ್ನು ಲೆಕ್ಕದಿಂದಲೇ ಬಿಟ್ಟುಬಿಡೋಣ, ಯಾವ ಊಹೆಯೂ ಬೇಡ." ಅಂಕಗಳ ವಿಶ್ಲೇಷಣೆಯೇ ಕಸುಬಾಗಿರುವ ನಾನು ಇದಕ್ಕೆ ತಲೆಯಾಡಿಸಲಾರೆ. ಬಿಟ್ಟುಬಿಡುವುದೂ ಊಹೆಯೇ. ಮೊದಲ ಪರೀಕ್ಷೆಯಲ್ಲಿ ಬಂದಷ್ಟೇ ಎರಡನೆಯದರಲ್ಲೂ ಬರುತ್ತಿತ್ತು ಎಂದು ಸದ್ದಿಲ್ಲದೆ ಒಪ್ಪಿಕೊಂಡಂತೆ.

ಒಂದು ಲೆಕ್ಕ ಹಾಕಿ ನೋಡೋಣ. ಮೊದಲ ಪರೀಕ್ಷೆಯಲ್ಲಿ ತರಗತಿಯ ಸರಾಸರಿ 60. ಅಂಕಗಳ ಹರವನ್ನು ಹೇಳುವ ಮಾನಕ ವಿಚಲನೆ 12. ನಮ್ಮ ವಿದ್ಯಾರ್ಥಿನಿಗೆ ಬಂದದ್ದು 84, ಅಂದರೆ ಸರಾಸರಿಗಿಂತ ಎರಡು ವಿಚಲನೆಯಷ್ಟು ಮೇಲೆ. ಎರಡನೇ ಪರೀಕ್ಷೆ ಕಠಿಣವಾಗಿತ್ತು: ಸರಾಸರಿ 50, ವಿಚಲನೆ 15. ಎರಡರ ಸರಾಸರಿ 80 ಮುಟ್ಟಿದರೆ ಅತ್ಯುನ್ನತ ಶ್ರೇಣಿ.

ಪರೀಕ್ಷೆಯನ್ನು ಬಿಟ್ಟುಬಿಟ್ಟರೆ ಆಕೆಗೆ 84 ಉಳಿಯುತ್ತದೆ, ಶ್ರೇಣಿ ಸಿಗುತ್ತದೆ. ಆದರೆ ಕಠಿಣ ಪ್ರಶ್ನೆಪತ್ರಿಕೆಗೆ ಕುಳಿತವರೆಲ್ಲ ತೆತ್ತ ಬೆಲೆಯನ್ನು ಆಕೆ ತೆರಲಿಲ್ಲ. ತರಗತಿಯಲ್ಲಿ ಆಕೆಯ ಸ್ಥಾನ ಹಾಗೆಯೇ ಇರುತ್ತಿತ್ತು ಎಂದುಕೊಂಡರೆ 50ಕ್ಕೆ ಎರಡು ಬಾರಿ 15 ಸೇರಿಸಿ 80 ಕೊಡಬೇಕು. ಸರಾಸರಿ 82, ಶ್ರೇಣಿ ಈಗಲೂ ಸಿಗುತ್ತದೆ. ಮೂರನೆಯ ದಾರಿ ಸಂಖ್ಯಾಶಾಸ್ತ್ರದ್ದು. ಒಂದು ಪರೀಕ್ಷೆಯ ಅಂಕ ಇನ್ನೊಂದರ ಅಂಕದೊಂದಿಗೆ ಎಷ್ಟು ಹೊಂದಿಕೊಂಡು ಏರಿಳಿಯುತ್ತದೆ ಎಂಬುದನ್ನು ಹೇಳುವ ಸಹಸಂಬಂಧ, ಎರಡೂ ಪರೀಕ್ಷೆ ಬರೆದವರಲ್ಲಿ 0.7 ಎಂದಿಟ್ಟುಕೊಳ್ಳಿ; ಪೂರ್ತಿ ಹೊಂದಿಕೊಂಡರೆ ಅದು 1. ಆಗ ಅಂದಾಜು ಹೀಗೆ:

50 + 0.7 × 2 × 15 = 71

ಸರಾಸರಿ 77.5ಕ್ಕೆ ಇಳಿಯಿತು. ಶ್ರೇಣಿ ಕೈತಪ್ಪಿತು.

ಈ 71 ಯಾಕೆ ಅಷ್ಟು ಕಡಿಮೆ? ಒಂದು ಪರೀಕ್ಷೆಯಲ್ಲಿ ತುದಿಗೆ ಏರಿದವರ ಅಂಕದಲ್ಲಿ ಸಾಮರ್ಥ್ಯದ ಜೊತೆಗೆ ಆ ದಿನದ ಅನುಕೂಲವೂ ಸ್ವಲ್ಪ ಬೆರೆತಿರುತ್ತದೆ. ಓದಿದ್ದೇ ಪ್ರಶ್ನೆಯಾಗಿ ಬಂದಿರಬಹುದು. ಮುಂದಿನ ಬಾರಿ ಆ ಅನುಕೂಲ ಇರುತ್ತದೆಂಬ ಖಾತರಿಯಿಲ್ಲದ ಕಾರಣ ಇಂಥವರು ಒಟ್ಟಾರೆ ಸರಾಸರಿಯ ಕಡೆಗೆ ಸರಿಯುತ್ತಾರೆ. ಎತ್ತರದ ತಂದೆ-ತಾಯಿಯ ಮಕ್ಕಳಲ್ಲಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದ್ದೂ ಇದನ್ನೇ. ಕೆಳಗಿನ ತುದಿಯಲ್ಲಿ ಇದು ತಿರುಗುಮುರುಗಾಗುತ್ತದೆ. ಮೊದಲ ಪರೀಕ್ಷೆಯಲ್ಲಿ 42 ಪಡೆದವನಿಗೆ ಸ್ಥಾನದ ಲೆಕ್ಕದಲ್ಲಿ 27.5 ಬಂದರೆ, ಈ ಸೂತ್ರ ಸುಮಾರು 34 ಕೊಡುತ್ತದೆ. ಗೈರಾದರೆ ಬುದ್ಧಿವಂತರಿಗೆ ನಷ್ಟ, ಹಿಂದುಳಿದವರಿಗೆ ಲಾಭ. ಇಂಥ ನಿಯಮ ಪರೀಕ್ಷೆಯ ಹಿಂದಿನ ದಿನವೇ ವಿದ್ಯಾರ್ಥಿಗಳಿಗೆ ಗೊತ್ತಿದ್ದರೆ ಯಾರಿಗೆ ಜ್ವರ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಹಾಗೆಂದು 71 ತಪ್ಪು ಅಂದಾಜಲ್ಲ. ಮೊದಲ ಪರೀಕ್ಷೆಯಲ್ಲಿ 84 ಪಡೆದ ನೂರಾರು ಮಂದಿಯನ್ನು ಒಟ್ಟಿಗೆ ನೋಡಿದರೆ ಅವರ ಸರಾಸರಿ ಅದರ ಸುತ್ತಲೇ ನಿಲ್ಲುತ್ತದೆ. ಆದರೆ ಅಂಕಪಟ್ಟಿ ಬರುವುದು ಆ ಗುಂಪಿನ ಹೆಸರಿಗಲ್ಲ, ಒಬ್ಬಳ ಹೆಸರಿಗೆ. ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪಬಹುದು ಎಂದು ಹೇಳುವ ಮಾನಕ ದೋಷ ಇಲ್ಲಿ ಸುಮಾರು 11 ಅಂಕ. ಇಂಥ ವಿದ್ಯಾರ್ಥಿಗಳಲ್ಲಿ ಮೂರನೇ ಎರಡರಷ್ಟು ಮಂದಿ 60 ಮತ್ತು 82ರ ನಡುವೆ ಇರುತ್ತಾರೆ. ಶ್ರೇಣಿಗೆ ಬೇಕಾದ 76ನ್ನು ದಾಟುವವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಆ ಒಬ್ಬಳು ಈಕೆಯೇ ಅಲ್ಲವೆಂದು ಯಾವ ಸೂತ್ರವೂ ಹೇಳಲಾರದು.

ಅಂದಾಜನ್ನು ಬಿಗಿಗೊಳಿಸಲು ಇನ್ನಷ್ಟು ಮಾಹಿತಿ ಸೇರಿಸುವ ಆಸೆ ಹುಟ್ಟುವುದು ಇಲ್ಲಿಯೇ. ಅದೇ ವಿಷಯದ ಇನ್ನೆರಡು ಪರೀಕ್ಷೆಗಳಿದ್ದರೆ ಧಾರಾಳವಾಗಿ ಸೇರಿಸಿ. ಶಾಲೆಯ ಹಿಂದಿನ ಫಲಿತಾಂಶ, ಕುಟುಂಬದ ಹಿನ್ನೆಲೆ ಇವೂ ದೋಷವನ್ನು ತುಸು ತಗ್ಗಿಸಬಹುದು; ಆದರೂ ಸೇರಿಸಕೂಡದು. ಅವು ವಿದ್ಯಾರ್ಥಿನಿ ಮಾಡಿದ ಕೆಲಸವಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ಪರೀಕ್ಷೆಗಳು ರದ್ದಾದಾಗ ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್, ಶಾಲೆಯ ಕೊನೆಯ ಹಂತದ ಎ-ಲೆವೆಲ್ ಪರೀಕ್ಷೆಯ ಶ್ರೇಣಿಗಳನ್ನು ಲೆಕ್ಕ ಹಾಕುವಾಗ ಆಯಾ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ದೊಡ್ಡ ತೂಕ ಕೊಟ್ಟಿತು. ಶಿಕ್ಷಕರು ಅಂದಾಜಿಸಿದ್ದ ಶ್ರೇಣಿಗಳಲ್ಲಿ ಸುಮಾರು ಶೇ. 39ರಷ್ಟು ಕೆಳಗಿಳಿದವು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 17ರಂದು, ಆ ಲೆಕ್ಕವನ್ನು ಕೈಬಿಡಬೇಕಾಯಿತು. ಹಿಂದೆ ಉತ್ತಮ ಫಲಿತಾಂಶ ಕಾಣದ ಶಾಲೆಯಲ್ಲಿ ಅಪರೂಪಕ್ಕೆ ಹುಟ್ಟಿಕೊಂಡ ಪ್ರತಿಭೆಗೆ ಅಂಥ ಮಾದರಿಯಲ್ಲಿ ಜಾಗವೇ ಕಷ್ಟ.

ನನ್ನ ಸಲಹೆ ಇಷ್ಟು. ಮುನ್ಸೂಚನೆ ಬೇಕಾದಲ್ಲಿ, ಉದಾಹರಣೆಗೆ ಯಾರಿಗೆ ಹೆಚ್ಚುವರಿ ಪಾಠ ಬೇಕೆಂದು ತಿಳಿಯಲು, 71ನ್ನು ಬಳಸಿ. ಅಂಕ ಕೊಡಲೇಬೇಕಾದಲ್ಲಿ ಸ್ಥಾನವನ್ನು ಉಳಿಸುವ 80 ಮೇಲು; ಆಕೆ ಗಳಿಸಿದ್ದನ್ನು ಅದು ಸಹಪಾಠಿಗಳ ಸರಾಸರಿಯ ಕಡೆಗೆ ಎಳೆಯುವುದಿಲ್ಲ. ಸಹಸಂಬಂಧ 0.4ರ ಆಸುಪಾಸಿಗೆ ಇಳಿದರೆ, ಒಂದು ಲಿಖಿತ ಮತ್ತೊಂದು ಪ್ರಾಯೋಗಿಕವಾದಾಗ ಹೀಗಾಗಬಹುದು, ಈ ಎರಡೂ ಅಂದಾಜುಗಳನ್ನು ಬಿಡಿ. ಆ ಎರಡು ಪರೀಕ್ಷೆಗಳು ಬೇರೆ ಬೇರೆ ಸಾಮರ್ಥ್ಯವನ್ನು ಅಳೆಯುತ್ತಿರಬಹುದು. ಶ್ರೇಣಿಯ ಗೆರೆ ದೋಷದ ವ್ಯಾಪ್ತಿಯೊಳಗೇ ಬಿದ್ದರೆ, ಇಲ್ಲಿ ಆಗಿರುವಂತೆ, ಮರುಪರೀಕ್ಷೆಯೇ ಸರಿ. ಅದರಲ್ಲಿ ಕೆಲವು ಪ್ರಶ್ನೆಗಳನ್ನಾದರೂ ಇಡೀ ತರಗತಿ ಹಿಂದೆಂದೋ ಬರೆದ, ಆಕೆ ನೋಡಿರದ ಪತ್ರಿಕೆಯಿಂದ ಆರಿಸಿ. ಒಬ್ಬಳೇ ಬರೆಯುವ ಪತ್ರಿಕೆ ಸುಲಭವಾಗಿತ್ತೋ ಕಠಿಣವಾಗಿತ್ತೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.