ಮೇ ತಿಂಗಳ ಕ್ರೀಮ್, ಅಕ್ಟೋಬರ್ ತಿಂಗಳ ಕ್ರೀಮ್

ಹಳೇ ಬ್ಯಾಂಡ್ ಒಂದು ಮತ್ತೆ ಒಂದಾಗುತ್ತೆ ಅಂತ ಸುದ್ದಿ ಬಂದ ಕೂಡಲೇ ಅಭಿಮಾನಿಗಳಲ್ಲಿ ಎರಡು ಬಣ ಆಗುತ್ತೆ. ಒಂದು ಬಣ ಟಿಕೆಟ್‌ಗೆ ಮುಗಿಬೀಳುತ್ತೆ. ಇನ್ನೊಂದು "ಎಲ್ಲಾ ದುಡ್ಡಿಗೋಸ್ಕರ" ಅಂತ ಮೂಗು ಮುರಿಯುತ್ತೆ. 2009ರಲ್ಲಿ ಜಗಳ ಆಡಿ ಬೇರೆಯಾಗಿದ್ದ ಬ್ರಿಟಿಷ್ ಬ್ಯಾಂಡ್ ಒಯಾಸಿಸ್‌ನ ಅಣ್ಣ ತಮ್ಮಂದಿರು 2025ರ ಜುಲೈನಲ್ಲಿ ಕಾರ್ಡಿಫ್‌ನಲ್ಲಿ ಒಟ್ಟಿಗೆ ವೇದಿಕೆ ಹತ್ತಿದಾಗಲೂ ಇದೇ ಆಯಿತು. ವಾದ ಶುರುವಾದರೆ ಎರಡೇ ಪದ ಕೇಳಿಬರುತ್ತೆ. ಚೆನ್ನಾಗಿ ಬಂದರೆ 'ಕೆಮಿಸ್ಟ್ರಿ', ಹಾಳಾದರೆ 'ಈಗೋ'. ಆದರೆ ಆ ಕೆಮಿಸ್ಟ್ರಿ ಎಲ್ಲಿಂದ ಬರುತ್ತೆ, ಈಗೋ ಯಾವಾಗ ಅದನ್ನು ಕೆಡಿಸುತ್ತೆ ಅನ್ನೋದನ್ನ ಯಾರೂ ಬಿಡಿಸಿ ಹೇಳುವುದಿಲ್ಲ.

ಅದನ್ನು ನೋಡೋಕೆ ಬ್ರಿಟನ್ನಿನ ಕ್ರೀಮ್ ಬ್ಯಾಂಡ್‌ಗಿಂತ ಒಳ್ಳೆಯ ಉದಾಹರಣೆ ಸಿಗೋದು ಕಷ್ಟ. ಆಗಲೇ ಹೆಸರು ಮಾಡಿದ ಕಲಾವಿದರು ಸೇರಿ ಕಟ್ಟುವ ಬ್ಯಾಂಡ್‌ಗೆ ಸೂಪರ್‌ಗ್ರೂಪ್ ಅಂತಾರೆ, ರಾಕ್ ಸಂಗೀತದ ಮೊದಲ ಸೂಪರ್‌ಗ್ರೂಪ್‌ಗಳ ಸಾಲಿನಲ್ಲಿ ಅದರ ಹೆಸರು ಬರುತ್ತೆ. ಮುಂದೆ ಅದೇ ಬ್ಯಾಂಡ್ 2005ರಲ್ಲಿ ಮತ್ತೆ ಸೇರಿತು. ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಜನರನ್ನು ಕುಣಿಸಿತು, ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸಪ್ಪೆಯಾಯಿತು. ಅದೇ ಮೂವರು, ಹೆಚ್ಚುಕಮ್ಮಿ ಅವೇ ಹಾಡುಗಳು, ನಡುವೆ ಬರೀ ಐದು ತಿಂಗಳು.

ಕಥೆ 1966ರದ್ದು. ಗಿಟಾರ್‌ನಲ್ಲಿ ಎರಿಕ್ ಕ್ಲಾಪ್ಟನ್, ಬೇಸ್ ಗಿಟಾರ್ ಮತ್ತು ಹಾಡುಗಾರಿಕೆಯಲ್ಲಿ ಜ್ಯಾಕ್ ಬ್ರೂಸ್, ಡ್ರಮ್ಸ್‌ನಲ್ಲಿ ಜಿಂಜರ್ ಬೇಕರ್. ಆಗಿನ ಬ್ರಿಟನ್ನಿನ ಬ್ಲೂಸ್ ವಲಯದಲ್ಲಿ ಮೂವರೂ ಹೆಸರು ಮಾಡಿದ್ದವರೇ. ತಾವೇ ಹಾಲಿನ ಕೆನೆ ಅಂತ ತಮ್ಮನ್ನು ಕರೆದುಕೊಳ್ಳುವಷ್ಟು ಧೈರ್ಯ ಅವರಿಗಿತ್ತು.

ಬ್ಯಾಂಡ್ ಮಾಡೋಣ ಅಂತ ಮೊದಲು ಕೇಳಿದ್ದು ಬೇಕರ್. ಕಾರು ಓಡಿಸುತ್ತಾ ಪಕ್ಕದಲ್ಲಿ ಕೂತಿದ್ದ ಕ್ಲಾಪ್ಟನ್‌ರನ್ನು ಕೇಳಿದರು. ಸರಿ, ಆದರೆ ಬೇಸ್‌ಗೆ ಜ್ಯಾಕ್ ಇರಬೇಕು ಅಂದರು ಕ್ಲಾಪ್ಟನ್. ಅದನ್ನು ಕೇಳಿ ಬೇಕರ್ ಕಾರನ್ನು ಇನ್ನೇನು ಗುದ್ದೇಬಿಡುತ್ತಿದ್ದರಂತೆ. ಕಾರಣ ಇತ್ತು. ಅದಕ್ಕೂ ಮುಂಚೆ ಗ್ರಹಾಮ್ ಬಾಂಡ್ ಅವರ ಬ್ಯಾಂಡಿನಲ್ಲಿ ಬೇಕರ್ ಮತ್ತು ಬ್ರೂಸ್ ಒಟ್ಟಿಗೆ ಇದ್ದರು, ವೇದಿಕೆ ಮೇಲೇ ಕೈ ಕೈ ಮಿಲಾಯಿಸಿದ್ದರು. ಕೊನೆಗೆ ಬ್ರೂಸ್ ಆ ಬ್ಯಾಂಡಿನಿಂದ ಹೊರಬೀಳಬೇಕಾಯಿತು. ಈ ಹಗೆತನ ಎಷ್ಟು ಆಳದ್ದು ಅಂತ ಕ್ಲಾಪ್ಟನ್‌ಗೆ ಆಗ ಗೊತ್ತಿರಲಿಲ್ಲ.

ಜಗಳ ಏನಕ್ಕೆ ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡಬೇಕು, ಬರೀ ಕೋಪಿಷ್ಟರು ಅಂದುಬಿಟ್ಟರೆ ವಿಷಯ ತಪ್ಪಿಹೋಗುತ್ತೆ. ಬ್ರೂಸ್ ಅವರ ಬೇಸ್ ಸುಮ್ನೆ ತಾಳ ಹಿಡಿದು ಕೂರುವ ಬೇಸ್ ಅಲ್ಲ. ಅದು ಗಿಟಾರ್ ಜೊತೆ ಜೊತೆಗೇ ರಾಗ ಹೆಣೆಯುತ್ತೆ. ಡ್ರಮ್ಮರ್‌ಗೆ ಬೇಕಾದ ಖಾಲಿ ಜಾಗಕ್ಕೂ ನುಗ್ಗುತ್ತೆ. ಬೇಕರ್ ಜ್ಯಾಝ್ ಹಿನ್ನೆಲೆಯವರು. ಅವರಿಗೆ ಆ ಖಾಲಿ ಜಾಗವೇ ಮುಖ್ಯ. ಬ್ರೂಸ್ ಜಾಸ್ತಿ ನುಡಿಸುತ್ತಾರೆ ಅನ್ನೋದು ಬೇಕರ್ ದೂರು. ಕ್ರೀಮ್ ಕೇಳುವವರಿಗೆ ರೋಮಾಂಚನ ಆಗೋದು ಕೂಡ ಇದೇ ತಿಕ್ಕಾಟದಿಂದ. ಹಿಂದೆ ನಿಲ್ಲೋಕೆ ಇಬ್ಬರೂ ತಯಾರಿಲ್ಲ, ಹಾಗಾಗಿ ಹಾಡು ಒಂದು ಕ್ಷಣವೂ ಜಡವಾಗೋದಿಲ್ಲ. ಕರಾವಳಿಯಲ್ಲಿ ಎರಡು ಯಕ್ಷಗಾನ ಮೇಳ ಸೇರಿ ಕೂಡಾಟ ಮಾಡಿದಾಗ ಇಬ್ಬರು ದೊಡ್ಡ ವೇಷಧಾರಿಗಳ ನಡುವೆ ಅರ್ಥ ಏರುತ್ತಾ ಹೋಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಪೈಪೋಟಿ ಇಲ್ಲದಿದ್ದರೆ ಆಟವೂ ಇಲ್ಲ.

ಹಾಗಾದರೆ ಎಡವಟ್ಟಾಗಿದ್ದು ಎಲ್ಲಿ? ಒಂದು ದುಡ್ಡಿನಲ್ಲಿ, ಇನ್ನೊಂದು ಸೌಂಡ್‌ನಲ್ಲಿ.

ದುಡ್ಡಿನದು ಹೀಗೆ. ಹಾಡು ಬರೆದವರ ಹೆಸರಿಗೆ ರಾಯಲ್ಟಿ ಹೋಗುತ್ತೆ. ಕವಿ ಪೀಟ್ ಬ್ರೌನ್ ಮೊದಲು ಬೇಕರ್ ಜೊತೆ ಹಾಡು ಬರೆಯೋಕೆ ಅಂತ ಬಂದವರು. ಆದರೆ ಅವರ ಜೋಡಿ ಕುದುರಿದ್ದು ಬ್ರೂಸ್ ಜೊತೆ. ದೊಡ್ಡ ಹಾಡುಗಳಲ್ಲಿ ಬಹಳಷ್ಟು ಬ್ರೂಸ್-ಬ್ರೌನ್ ಹೆಸರಿನಲ್ಲೇ ಬಂದವು. 'ವೈಟ್ ರೂಮ್' ಹಾಡಿನ ಶುರುವನ್ನೇ ತಗೊಳ್ಳಿ. ಅಲ್ಲಿ ಡ್ರಮ್ಸ್ ಐದರ ಎಣಿಕೆಯಲ್ಲಿ ಗುಡುಗುತ್ತೆ, ನಮ್ಮ ಖಂಡಚಾಪಿನ ಲೆಕ್ಕ. ಆ ಐದರ ಎಣಿಕೆ ತನ್ನದು ಅಂತ ಬೇಕರ್ ಕೊನೆಯವರೆಗೂ ಹೇಳುತ್ತಲೇ ಇದ್ದರು. ಹಾಡಿನ ಮೇಲೆ ಅವರ ಹೆಸರಿಲ್ಲ. ಡ್ರಮ್ಮರ್ ಕೊಟ್ಟಿದ್ದು ಸಂಗೀತ ರಚನೆಯೋ, ಬರೀ ನುಡಿಸಾಣಿಕೆಯೋ ಅನ್ನೋ ಪ್ರಶ್ನೆಗೆ ಆಗಿನ ಕಾನೂನು ರೂಢಿ ಕೊಡುತ್ತಿದ್ದ ಉತ್ತರ ಒಂದೇ, ಬರೀ ನುಡಿಸಾಣಿಕೆ. ಬ್ರೂಸ್ ಮಾಡಿದ್ದು ರೂಢಿಯ ಪ್ರಕಾರ ಸರಿ, ಬೇಕರ್‌ಗೆ ನೋವಾದದ್ದೂ ಸಹಜವೇ.

ಸೌಂಡಿನದ್ದು ಇದಕ್ಕಿಂತ ಕುತೂಹಲದ್ದು. 1967-68ರಲ್ಲಿ ಕ್ರೀಮ್ ಅಮೆರಿಕದಲ್ಲಿ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನುಡಿಸತೊಡಗಿತು. ಆಗ ಮೈಕ್ ವ್ಯವಸ್ಥೆ ಮುಖ್ಯವಾಗಿ ಹಾಡುವ ಗಂಟಲಿಗೆ ಮಾತ್ರ. ಕಲಾವಿದರ ಕಡೆಗೆ ತಿರುಗಿಸಿ ಇಡುವ ಮಾನಿಟರ್ ಸ್ಪೀಕರ್ ಇನ್ನೂ ಬಳಕೆಗೆ ಬಂದಿರಲಿಲ್ಲ ಅನ್ನಬಹುದು. ಸಾವಿರಾರು ಜನರಿಗೆ ಗಿಟಾರ್ ಕೇಳಬೇಕು ಅಂದರೆ ಒಂದೇ ದಾರಿ, ಬೆನ್ನ ಹಿಂದೆ ಆಳೆತ್ತರದ ಮಾರ್ಷಲ್ ಆಂಪ್ಲಿಫೈಯರ್‌ಗಳನ್ನು ಪೇರಿಸೋದು. ಕ್ಲಾಪ್ಟನ್ ಹಿಂದೆ ಒಂದು ಗೋಡೆ, ಬ್ರೂಸ್ ಹಿಂದೆ ಇನ್ನೊಂದು ಗೋಡೆ. ನಡುವೆ ಬೇಕರ್, ಕೈಯಲ್ಲಿ ಬರೀ ಎರಡು ಕಡ್ಡಿ. ಒಬ್ಬರು ಸೌಂಡ್ ಏರಿಸಿದರೆ ಇನ್ನೊಬ್ಬರೂ ಏರಿಸಬೇಕು, ಇಲ್ಲದಿದ್ದರೆ ತಮ್ಮದೇ ತಮಗೆ ಕೇಳಲ್ಲ. ಆ ಗದ್ದಲದಿಂದಲೇ ತನ್ನ ಕಿವಿ ಹಾಳಾಯಿತು ಅಂತ ಬೇಕರ್ ಮುಂದೆ ಹೇಳಿಕೊಂಡಿದ್ದಾರೆ.

ಒಂದು ರಾತ್ರಿ ಕ್ಲಾಪ್ಟನ್ ಹಾಡಿನ ಮಧ್ಯೆ ನುಡಿಸೋದನ್ನೇ ನಿಲ್ಲಿಸಿಬಿಟ್ಟರಂತೆ, ಏನಾಗುತ್ತೋ ನೋಡೋಣ ಅಂತ. ಉಳಿದಿಬ್ಬರಿಗೆ ಗೊತ್ತೇ ಆಗಲಿಲ್ಲ. ಇಬ್ಬರೂ ತಮ್ಮ ಪಾಡಿಗೆ ನುಡಿಸುತ್ತಾ ಹೋದರು. ನನ್ನ ಪ್ರಕಾರ ಕ್ರೀಮ್ ಮುಗಿದದ್ದು ಆ ರಾತ್ರಿ. ಅಧಿಕೃತವಾಗಿ ಮುಗಿದದ್ದು 1968ರ ನವೆಂಬರ್ 26, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ.

ಆಮೇಲಿನ ಮೂವತ್ತಾರು ವರ್ಷದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. 1969ರಲ್ಲಿ ಕ್ಲಾಪ್ಟನ್, ಸ್ಟೀವ್ ವಿನ್‌ವುಡ್ ಜೊತೆ ಬೇಕರ್ ಸೇರಿ ಬ್ಲೈಂಡ್ ಫೇತ್ ಅನ್ನೋ ಇನ್ನೊಂದು ಸೂಪರ್‌ಗ್ರೂಪ್ ಆಯಿತು. ಸಾಕಷ್ಟು ಹಾಡು ಕೂಡುವ ಮುಂಚೆಯೇ ಹೈಡ್ ಪಾರ್ಕ್‌ನಲ್ಲಿ ಭಾರೀ ಜನಸಾಗರದ ಮುಂದೆ ನಿಂತರು, ಒಂದೇ ಆಲ್ಬಂಗೆ ಕಥೆ ಮುಗಿಯಿತು. 1993ರಲ್ಲಿ ಒಂದು ಸನ್ಮಾನದ ದಿನ ಕ್ರೀಮ್ ಮೂರು ಹಾಡು ನುಡಿಸಿ ಮನೆಗೆ ಹೋಯಿತು, ಅಷ್ಟೇ.

2005ರ ಹೊತ್ತಿಗೆ ಮೂವರಿಗೂ ಅರವತ್ತರ ಆಸುಪಾಸು. ಬ್ರೂಸ್‌ಗೆ ಯಕೃತ್ತಿನ ಕ್ಯಾನ್ಸರ್ ಆಗಿ, ಯಕೃತ್ತಿನ ಕಸಿ ಮಾಡಿಸಿ, ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಬೇಕರ್‌ಗೆ ಸಂಧಿವಾತ. ಈಗಲ್ಲದಿದ್ದರೆ ಇನ್ಯಾವತ್ತೂ ಇಲ್ಲ ಅನ್ನುವ ಸ್ಥಿತಿ. ಕ್ಲಾಪ್ಟನ್ ಮುಂದಾಗಿ ಕರೆದರು. ಮೇ 2, 3, 5 ಮತ್ತು 6, ನಾಲ್ಕು ರಾತ್ರಿ. ಜಾಗ, ತಾವು ವಿದಾಯ ಹೇಳಿದ್ದ ಅದೇ ಆಲ್ಬರ್ಟ್ ಹಾಲ್.

ಇಲ್ಲಿ ನಡೆದ ಸಣ್ಣ ಸಣ್ಣ ವಿಷಯಗಳೇ ನನಗೆ ಮುಖ್ಯ ಅನಿಸೋದು. ಮೊದಲು ಕೂತು ತಾಲೀಮು ಮಾಡಿದರು. ವೇದಿಕೆ ಮೇಲೆ ಆಂಪ್ಲಿಫೈಯರ್ ಗೋಡೆಗಳಿರಲಿಲ್ಲ. ಮಾನಿಟರ್ ಇತ್ತು, ಮೂವರಿಗೂ ಮೂವರ ವಾದ್ಯವೂ ಕೇಳುತ್ತಿತ್ತು. 1968ರಲ್ಲಿ 'ಸ್ಪೂನ್‌ಫುಲ್' ಹಾಡನ್ನು ಹದಿನಾರು ನಿಮಿಷ ದಾಟಿ ಎಳೆಯುತ್ತಿದ್ದವರು ಈಗ ಹಾಡುಗಳನ್ನು ಮೊಟಕು ಮಾಡಿದರು. ಎಳೆದಷ್ಟೂ ಜಟಾಪಟಿ ಜಾಸ್ತಿ, ಅಲ್ವಾ? ಸಭಾಂಗಣ ಸುಮಾರು ಐದು ಸಾವಿರ ಜನರದ್ದು, ಪಿಸುಗುಟ್ಟಿದರೂ ನಡೆಯುತ್ತೆ. ಹಳೇ ಬೆಂಕಿ ಸ್ವಲ್ಪ ಕಮ್ಮಿ ಅಂತ ಕೆಲವರು ಗೊಣಗಿದರು. ನಿಜವೇ, ಆದರೆ ಬ್ರೂಸ್ ಬೇಸ್‌ಗೂ ಬೇಕರ್ ಡ್ರಮ್ಸ್‌ಗೂ ಆ ನಾಲ್ಕು ರಾತ್ರಿ ನಡೆದದ್ದು ಮಾತುಕತೆ.

ಲಂಡನ್ ಗೆದ್ದ ಮೇಲೆ ನ್ಯೂಯಾರ್ಕ್ ಬಂತು. ಅಕ್ಟೋಬರ್ 24, 25, 26, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜಾಗ ಮೂರು ನಾಲ್ಕು ಪಟ್ಟು ದೊಡ್ಡದು. ಮೇ ತಿಂಗಳಲ್ಲಿ ಹೇಗೂ ಚೆನ್ನಾಗಿ ಬಂದಿತ್ತಲ್ಲ ಅಂತ ತಾಲೀಮು ಕಮ್ಮಿಯಾಯಿತು. ಬೇಕರ್ ಮತ್ತು ಬ್ರೂಸ್ ನಡುವೆ ಸೌಂಡಿನ ಹಳೇ ತಕರಾರು ಎದ್ದಿತು. ಆ ಮೂರು ರಾತ್ರಿ ಲಂಡನ್‌ನ ಮಟ್ಟಕ್ಕೆ ಏರಲಿಲ್ಲ, ತಾಲೀಮು ಸಾಲದಾಗಿತ್ತು, ಹಳೇ ಮನಸ್ತಾಪ ಮತ್ತೆ ತಲೆ ಎತ್ತಿತ್ತು ಅಂತ ಕ್ಲಾಪ್ಟನ್ ಆಮೇಲೆ ಒಪ್ಪಿಕೊಂಡಿದ್ದಾರೆ. ಇದರಲ್ಲಿ ಇಂಥವರದ್ದೇ ತಪ್ಪು ಅಂತ ಬೊಟ್ಟು ಮಾಡೋಕೆ ಆಗಲ್ಲ. ಈಗೋ ಮೇ ತಿಂಗಳಲ್ಲೂ ಅಷ್ಟೇ ಇತ್ತು. ಆಗ ಅದನ್ನು ಹಿಡಿದಿಟ್ಟಿದ್ದು ತಾಲೀಮು, ಚಿಕ್ಕ ಜಾಗ ಮತ್ತು ಸ್ವಲ್ಪ ಭಯ. ಗೆದ್ದವರಿಗೆ ಭಯ ಇರಲ್ಲ.

ಇದು ಕ್ರೀಮ್‌ಗೆ ಮಾತ್ರ ಆದದ್ದೂ ಅಲ್ಲ. ಲೆಡ್ ಝೆಪೆಲಿನ್ ಅನ್ನೋ ಇನ್ನೊಂದು ಬ್ರಿಟಿಷ್ ರಾಕ್ ಬ್ಯಾಂಡ್ 1985ರಲ್ಲಿ ಲೈವ್ ಏಡ್ ಅನ್ನೋ ಸಹಾಯಾರ್ಥ ಕಾರ್ಯಕ್ರಮಕ್ಕೆ ಅಮೆರಿಕದಲ್ಲಿ ತಾಲೀಮು ಇಲ್ಲದಂತೆಯೇ ವೇದಿಕೆ ಹತ್ತಿತ್ತು. ಒಬ್ಬ ಡ್ರಮ್ಮರ್ ಅದೇ ದಿನ ಲಂಡನ್‌ನಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹಿಡಿದು ಬಂದಿದ್ದವರು. ಗಾಯಕ ರಾಬರ್ಟ್ ಪ್ಲಾಂಟ್ ಅವರ ಗಂಟಲು ಕೂತಿತ್ತು. ಆ ಕಾರ್ಯಕ್ರಮದ ಡಿವಿಡಿ 2004ರಲ್ಲಿ ಬಂದಾಗ ತಮ್ಮ ಭಾಗ ಬೇಡವೇ ಬೇಡ ಅಂದರು. ಅವರೇ 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಅರೀನಾದಲ್ಲಿ, ತೀರಿಹೋದ ತಮ್ಮ ಡ್ರಮ್ಮರ್‌ನ ಮಗ ಜೇಸನ್ ಬಾನಮ್‌ರನ್ನು ಕೂರಿಸಿಕೊಂಡು, ವಾರಗಟ್ಟಲೆ ಅಭ್ಯಾಸ ಮಾಡಿ ನುಡಿಸಿದಾಗ ಜನ ಇವತ್ತಿಗೂ ನೆನೆಯುವಂತೆ ಆಯಿತು. ಓ2 ಚಿಕ್ಕ ಜಾಗವೇನಲ್ಲ, ಹಾಗಾಗಿ ನ್ಯೂಯಾರ್ಕ್‌ನಲ್ಲಿ ಆದದ್ದಕ್ಕೆ ಪೂರ್ತಿ ಹೊಣೆ ಕಟ್ಟಡದ್ದು ಅಂತ ಹೇಳೋಕಾಗಲ್ಲ. ಆ ರಾತ್ರಿ ಆದಮೇಲೆ ರಾಬರ್ಟ್ ಪ್ಲಾಂಟ್ ಪ್ರವಾಸಕ್ಕೆ ಒಪ್ಪಲೇ ಇಲ್ಲ. ಅಭಿಮಾನಿಗಳು ಬೈದುಕೊಂಡರು. ನ್ಯೂಯಾರ್ಕ್ ಕಥೆ ಗೊತ್ತಿದ್ದವರು ಬೈಯಲಾರರು.

ಕ್ರೀಮ್ ಮತ್ತೆ ಸೇರಲಿಲ್ಲ. ಬ್ರೂಸ್ 2014ರಲ್ಲಿ, ಬೇಕರ್ 2019ರಲ್ಲಿ ತೀರಿಕೊಂಡರು. ಲಂಡನ್ನಿನ ರಾತ್ರಿಗಳ ಧ್ವನಿಮುದ್ರಣ ಆಲ್ಬಂ ಆಗಿ, ವಿಡಿಯೋ ಆಗಿ 2005ರಲ್ಲೇ ಹೊರಬಂತು. ಕೇಳೋದಾದರೆ ಗಿಟಾರ್ ಕಡೆ ಗಮನ ಕೊಡಬೇಡಿ, ಅದು ಹೇಗೂ ಕೇಳುತ್ತೆ. ಹೆಡ್‌ಫೋನ್ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸಿ. ಡ್ರಮ್ಸ್ ಬೇರೆ ದಾರಿ ಹಿಡಿದಾಗ ಬೇಸ್ ಅಲ್ಲಲ್ಲಿ ಸ್ವಲ್ಪ ತಡೆದು, ಜಾಗ ಬಿಟ್ಟು, ಆಮೇಲೆ ಒಳಗೆ ಬರುತ್ತೆ. ನಂತರ 1968ರ ನೇರ ಧ್ವನಿಮುದ್ರಣ ಯಾವುದಾದರೂ ಹಾಕಿ, ಅದೇ ಬೇಸ್ ಎಲ್ಲೆಲ್ಲಿ ತಡೆಯುತ್ತೆ ಅಂತ ಹುಡುಕಿ ನೋಡಿ.