ಬಡ್ಡಿ ಎಲ್ಲ ಮೊದಲೇ ಕಟ್ಟಿ ಆಗಿದೆ, ಈಗ ಹೋಮ್ ಲೋನ್ ಬದಲಾಯಿಸಿ ಏನು ಪ್ರಯೋಜನ?

ಪ್ರಶ್ನೆ: ಸುರತ್ಕಲ್‌ನಲ್ಲಿ ಮನೆ ಕಟ್ಟಲು 30 ಲಕ್ಷ ಸಾಲ ಮಾಡಿದ್ದೆ, 20 ವರ್ಷಕ್ಕೆ. 8 ವರ್ಷ ಆಯ್ತು. ಇನ್ನೂ 24 ಲಕ್ಷ ಬಾಕಿ ಉಂಟು. ನನ್ನ ಬಡ್ಡಿ 8.75. ಬೇರೆ ಬ್ಯಾಂಕಿನವರು 8ಕ್ಕೆ ಕೊಡ್ತೇವೆ ಅಂತಾರೆ. ಆದರೆ ಭಾವ ಹೇಳ್ತಾರೆ, ಬ್ಯಾಂಕಿನವರು ಬಡ್ಡಿ ಎಲ್ಲ ಮೊದಲೇ ತಕ್ಕೊಂಡಾಯ್ತು, ಈಗ ಹೋದರೆ ಪುನಃ ಮೊದಲಿಂದ ಬಡ್ಡಿ ಶುರು ಅಂತ. ಹೌದಾ?

ಈ ಭಾವ ಎಲ್ಲರ ಮನೆಯಲ್ಲೂ ಇದ್ದಾರೆ. ಕೆಲವರ ಮನೆಯಲ್ಲಿ ಮಾವ, ಕೆಲವರಲ್ಲಿ ಆಫೀಸಿನ ಹಿರಿಯರು. ಮಾತು ಮಾತ್ರ ಒಂದೇ. ಐದು ಬ್ಯಾಂಕು ಹುಟ್ಟಿದ ನಾಡಿನವರು ನಾವು, ಆದರೂ ಈ ಮಾತು ಸಾಯುವುದಿಲ್ಲ. ಇವತ್ತು ಸ್ವಲ್ಪ ನಿಧಾನವಾಗಿಯೇ ಬಿಡಿಸಿ ಹೇಳುತ್ತೇನೆ.

ಮದುವೆಗೆ ಶಾಮಿಯಾನದವರಿಂದ 300 ಕುರ್ಚಿ ತಂದಿದ್ದೀರಿ ಅಂತ ಇಟ್ಟುಕೊಳ್ಳಿ. ದಿನಕ್ಕೆ ಇಷ್ಟು ಬಾಡಿಗೆ. ಮರುದಿನ 60 ಕುರ್ಚಿ ವಾಪಸ್ ಕೊಟ್ಟಿರಿ. ಆಮೇಲೆ ಉಳಿದ 240ಕ್ಕೆ ಮಾತ್ರ ಬಾಡಿಗೆ. ಮೊದಲ ದಿನ ಜಾಸ್ತಿ ಕೊಟ್ಟದ್ದು ಯಾಕೆ? ಅವತ್ತು ನಿಮ್ಮ ಅಂಗಳದಲ್ಲಿ ಕುರ್ಚಿ ಜಾಸ್ತಿ ಇತ್ತು, ಅದಕ್ಕೆ. ನಾಳೆಯ ಬಾಡಿಗೆಯನ್ನು ಅವನು ಇವತ್ತೇ ತೆಗೆದುಕೊಂಡಿಲ್ಲ. ಈಗ ಇನ್ನೊಬ್ಬ ಶಾಮಿಯಾನದವನು ಕಡಿಮೆ ಬಾಡಿಗೆಗೆ 240 ಕುರ್ಚಿ ತಂದು ಹಾಕುತ್ತೇನೆ ಅಂದರೆ, ಅವನು 300ಕ್ಕೆ ಬಾಡಿಗೆ ಕೇಳುತ್ತಾನಾ? ಇಲ್ಲ ಅಲ್ವಾ?

ಸಾಲದ ಬಡ್ಡಿಯೂ ಅಷ್ಟೇ. ಬಾಕಿ ಇರುವ ಅಸಲಿಗೆ ಮಾತ್ರ ಬಡ್ಡಿ. ನಿಮ್ಮ 24 ಲಕ್ಷಕ್ಕೆ 8.75ರಂತೆ ಈ ತಿಂಗಳ ಬಡ್ಡಿ 17,500 ರೂಪಾಯಿ. ಅದೇ 24 ಲಕ್ಷಕ್ಕೆ 8ರಂತೆ 16,000. ಹಿಂದೆ 8 ವರ್ಷ ನೀವು ಏನು ಕಟ್ಟಿದ್ದೀರಿ ಅನ್ನುವುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಹಳೆ ಬ್ಯಾಂಕಿಗೂ ಬೇಡ, ಹೊಸ ಬ್ಯಾಂಕಿಗೂ ಬೇಡ.

ಇನ್ನೊಂದು. ನಿಮ್ಮ ಇಎಂಐ ಈಗ ಸುಮಾರು 26,976. ಉಳಿದದ್ದು 144 ಕಂತು. ಗುಣಿಸಿ: 38.84 ಲಕ್ಷ. ಅದರಲ್ಲಿ ಅಸಲು 24 ಲಕ್ಷ. ಅಂದರೆ ಇನ್ನೂ 14.84 ಲಕ್ಷ ಬಡ್ಡಿ ಕಟ್ಟಲಿಕ್ಕೆ ಬಾಕಿ ಉಂಟು. ಬಡ್ಡಿ ಮುಗಿದಿದೆ ಅನ್ನುವ ಭಾವನಿಗೆ ಈ ಒಂದು ಅಂಕಿ ತೋರಿಸಿ.

ಹಾಗಾದರೆ ಇಷ್ಟೊಂದು ಜನ ಯಾಕೆ ನಂಬುತ್ತಾರೆ? ಬದಲಾಯಿಸಿ ಕೈ ಸುಟ್ಟುಕೊಂಡವರು ನಿಜವಾಗಿಯೂ ಇದ್ದಾರೆ. ಆದರೆ ಸುಟ್ಟದ್ದು ಬೇರೆ ಕಾರಣಕ್ಕೆ. ಹೊಸ ಬ್ಯಾಂಕಿನ ಏಜೆಂಟ್ ಬಂದು "ಸರ್, ನಿಮ್ಮ ಇಎಂಐ 20,000ಕ್ಕೆ ಇಳಿಸ್ತೇವೆ" ಅನ್ನುತ್ತಾನೆ. ನಿಜವೇ, 20,075ಕ್ಕೆ ಇಳಿಯುತ್ತದೆ. ಹೇಗೆ? ಅವಧಿಯನ್ನು ಪುನಃ 20 ವರ್ಷ ಮಾಡಿ. ಆಗ ಒಟ್ಟು ಕಟ್ಟುವುದು 48.18 ಲಕ್ಷ. ಬಡ್ಡಿ ದರ ಕಡಿಮೆ ಆಗಿಯೂ 9.33 ಲಕ್ಷ ಜಾಸ್ತಿ. ಮೊದಲಿಂದ ಶುರುವಾದದ್ದು ಬಡ್ಡಿಯಲ್ಲ ಮಾರಾಯ್ರೆ, ಅವಧಿ. ಅರ್ಜಿಯಲ್ಲಿ 144 ತಿಂಗಳು ಅಂತ ನೀವೇ ಬರೆಸಬೇಕು.

144 ತಿಂಗಳಿಗೇ ಇಟ್ಟರೆ ಇಎಂಐ 25,979. ಬೇಕಾದರೆ ಎಕ್ಸೆಲ್‌ನಲ್ಲಿ ಹೀಗೆ ಹಾಕಿ ನೋಡಿ:

```
=PMT(8/1200,144,-2400000)
```

ತಿಂಗಳಿಗೆ 997 ಉಳಿತಾಯ, ಒಟ್ಟು 1.43 ಲಕ್ಷ. ಬಡ್ಡಿ 1,500 ಇಳಿದಿದೆ, ಇಎಂಐ ಮಾತ್ರ 997 ಇಳಿದಿದೆ, ಉಳಿದ 503 ಎಲ್ಲಿ ಹೋಯ್ತು? ಎಲ್ಲಿಯೂ ಹೋಗಿಲ್ಲ, ಅಸಲಿಗೆ ಜಮಾ ಆಗಿದೆ. ನನ್ನ ಸಲಹೆ ಕೇಳಿದರೆ ಇಎಂಐ ಇಳಿಸಬೇಡಿ. ಹಳೆಯ 26,976ನ್ನೇ ಕಟ್ಟುತ್ತಾ ಹೋಗಿ. ಸಾಲ ಎಂಟು ತಿಂಗಳು ಮೊದಲೇ ಮುಗಿಯುತ್ತದೆ, ಉಳಿತಾಯ 2.3 ಲಕ್ಷ ದಾಟುತ್ತದೆ.

ಈಗ ಖರ್ಚು. ನಿಮ್ಮದು ಆಗಾಗ ಏರಿಳಿಯುವ ಫ್ಲೋಟಿಂಗ್ ದರವಾದರೆ ಹಳೆ ಬ್ಯಾಂಕು ಮುಂಚಿತ ಮುಕ್ತಾಯದ ದಂಡ ಹಾಕುವಂತಿಲ್ಲ. ಖರ್ಚೆಲ್ಲ ಹೊಸ ಕಡೆ: ಪ್ರೊಸೆಸಿಂಗ್ ಶುಲ್ಕ, ಅದಕ್ಕೆ 18% ಜಿಎಸ್‌ಟಿ, ವಕೀಲರ ಲೀಗಲ್ ಒಪಿನಿಯನ್, ಇಂಜಿನಿಯರ್ ಮೌಲ್ಯಮಾಪನ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎಂಓಡಿಯ, ಅಂದರೆ ಮೂಲಪತ್ರ ಬ್ಯಾಂಕಿಗೆ ಅಡವಿಟ್ಟ ದಾಖಲೆಯ, ಮುದ್ರಾಂಕ ಮತ್ತು ನೋಂದಣಿ. "ಪ್ರೊಸೆಸಿಂಗ್ ಶುಲ್ಕ ಇಲ್ಲ" ಎಂಬ ಜಾಹೀರಾತು ನೋಡಿ ಹೋದವರು ಎಡವುವುದು ಈ ಕೊನೆಯದರಲ್ಲಿ. ಅದು ಸಾಲದ ಮೊತ್ತದ ಮೇಲೆ ಬರುತ್ತದೆ, ಬ್ಯಾಂಕು ಬಿಟ್ಟುಕೊಡಲಿಕ್ಕೆ ಅದು ಬ್ಯಾಂಕಿನ ದುಡ್ಡಲ್ಲ. ಎಲ್ಲ ಸೇರಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.

ಒಟ್ಟು 35,000 ಅಂತ ಹಿಡಿಯಿರಿ. ತಿಂಗಳಿಗೆ 1,500ರಂತೆ ಬಡ್ಡಿ ಉಳಿದರೆ ಎರಡು ವರ್ಷದಲ್ಲಿ ಹಾಕಿದ್ದು ವಾಪಸ್. ಮೇಲಿನ ಹತ್ತು ವರ್ಷ ಲಾಭ. ಬಾಯಿಲೆಕ್ಕ ಬೇಕಾದರೆ: ಬಾಕಿ, ದರದ ವ್ಯತ್ಯಾಸ, ಉಳಿದ ವರ್ಷ ಮೂರನ್ನೂ ಗುಣಿಸಿ ಅರ್ಧ ಮಾಡಿ. ನಿಮ್ಮದಕ್ಕೆ 1.08 ಲಕ್ಷ ಬರುತ್ತದೆ. ನಿಜವಾದ ಉಳಿತಾಯ ಇದಕ್ಕಿಂತ ಜಾಸ್ತಿಯೇ, ಹಾಗಾಗಿ ಧೈರ್ಯವಾಗಿ ಬಳಸಬಹುದು. ಇದೇ ಲೆಕ್ಕವನ್ನು 5 ಲಕ್ಷ ಬಾಕಿ, ಮೂರು ವರ್ಷಕ್ಕೆ ಹಾಕಿ. ಆರು ಸಾವಿರದ ಆಸುಪಾಸು. ಖರ್ಚೇ ಅದಕ್ಕಿಂತ ಜಾಸ್ತಿ, ಸುಮ್ನೆ ಓಡಾಟ. ಭಾವ ಹೇಳಿದ್ದು ಇಲ್ಲಿಗೆ ಮಾತ್ರ ಸರಿ, ಕಾರಣ ಮಾತ್ರ ತಪ್ಪು.

ಸಹಿ ಹಾಕುವ ಮೊದಲು ಒಂದು ಕೆಲಸ. ಹೊಸ ಬ್ಯಾಂಕಿನ ಮಂಜೂರಾತಿ ಪತ್ರ ಹಿಡಿದುಕೊಂಡು ನಿಮ್ಮ ಹಳೆ ಬ್ಯಾಂಕಿಗೆ ಹೋಗಿ, ದರ ಇಳಿಸುತ್ತೀರಾ ಅಂತ ಕೇಳಿ. 6,000 ಶುಲ್ಕಕ್ಕೆ 8.25 ಮಾಡಿಕೊಡುತ್ತಾರೆ ಅಂತ ಇಟ್ಟುಕೊಳ್ಳಿ. ಆಗ ಉಳಿಯುವ ವ್ಯತ್ಯಾಸ ಕಾಲು ಶೇಕಡ, ತಿಂಗಳಿಗೆ 500, ಬಾಕಿ ಕರಗಿದಂತೆ ಅದೂ ಇಳಿಯುತ್ತದೆ. ಅದಕ್ಕಾಗಿ ಇನ್ನೂ 29,000 ಸುರಿದರೆ ವಾಪಸ್ ಬರಲು ಐದು ವರ್ಷಕ್ಕೂ ಮೇಲೆ ಬೇಕು. ನಾನಾದರೆ ಇದ್ದಲ್ಲೇ ಇರುತ್ತೇನೆ. ಪಂಚಾಯತ್ ವ್ಯಾಪ್ತಿಯ ಜಾಗವಾದರಂತೂ ಹೊಸ ವಕೀಲರು ಪಂಚಾಯತಿನ 9/11 ನಮೂನೆ ಎಲ್ಲಿ, ಜಾಗದ ಕನ್ವರ್ಶನ್ ಎಲ್ಲಿ ಅಂತ ಮೊದಲಿಂದ ಕೆದಕುತ್ತಾರೆ. ಆ ತಲೆಬಿಸಿಯೂ ಇಲ್ಲ.

ಯಾರೂ ಕೇಳದ ಇನ್ನೊಂದು ವಿಷಯ, ಬಂದದ್ದಕ್ಕೆ ಹೇಳಿಬಿಡುತ್ತೇನೆ. ಸಾಲ ಬದಲಾಯಿಸಿ, ಇಲ್ಲವೇ ಪೂರ್ತಿ ತೀರಿಸಿ, ಹಳೆಯ ಎಂಓಡಿ, ಜಾಗದ ಮೇಲಿನ ಹೊರೆ ತೋರಿಸುವ ಇಸಿಯಲ್ಲಿ ಹಾಗೇ ಕುಳಿತಿರುತ್ತದೆ. ನನ್ನದೇ ಕತೆ ಕೇಳಿ. ಸಾಲ ತೀರಿತು, ಮೂಲಪತ್ರ ಕೈಗೆ ಬಂತು, ಕಪಾಟಿನಲ್ಲಿಟ್ಟು ನೆಮ್ಮದಿಯಾಗಿದ್ದೆ. ಬ್ಯಾಂಕಿನವರು ರಿಲೀಸ್ ಪತ್ರ ನೋಂದಾಯಿಸಬೇಕು ಅಂತ ಹೇಳಲೇ ಇಲ್ಲ. ನಾಲ್ಕು ವರ್ಷದ ಮೇಲೆ ಬೇರೊಂದು ಕೆಲಸಕ್ಕೆ ಇಸಿ ತೆಗೆಸಿದರೆ ಅದರಲ್ಲಿ ನನ್ನ ಜಾಗ ಇನ್ನೂ ಅವರಿಗೆ ಅಡಮಾನ! ಅಷ್ಟರಲ್ಲಿ ಶಾಖೆಯೇ ಇನ್ನೊಂದರ ಜೊತೆ ಸೇರಿಹೋಗಿತ್ತು. ಸಹಿ ಹಾಕುವ ಮ್ಯಾನೇಜರನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆತರಲು ಎರಡು ತಿಂಗಳು ಅಲೆದೆ.

ಈಗ ರಿಸರ್ವ್ ಬ್ಯಾಂಕಿನ ನಿಯಮ ಉಂಟು. 2023ರ ಡಿಸೆಂಬರ್ 1ರ ನಂತರ ತೀರಿದ ಸಾಲಕ್ಕೆ, 30 ದಿನದೊಳಗೆ ಮೂಲಪತ್ರ ಕೊಡಬೇಕು, ನೋಂದಣಿಯಲ್ಲಿರುವ ಹೊರೆಯನ್ನೂ ತೆಗೆಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಹಾಗಾಗಿ ಸಾಲ ಮುಗಿದ ದಿನಾಂಕ ಬರೆದಿಟ್ಟುಕೊಳ್ಳಿ, 31ನೇ ದಿನ ಹೊಸ ಇಸಿ ತೆಗೆಸಿ ನೋಡಿ.