ಉಪ್ಪಿಗೆ ಬಿಪಿ ಏರುವುದು ಯಾರಿಗೆ, ಯಾಕೆ?

ಒಂದೇ ಅಡುಗೆ ಉಂಡ ಇಬ್ಬರಲ್ಲಿ ಒಬ್ಬರ ಬಿಪಿ ಏರುತ್ತದೆ, ಇನ್ನೊಬ್ಬರದು ಅಲ್ಲಾಡುವುದೇ ಇಲ್ಲ. ಏರುವವರನ್ನು ಸಾಲ್ಟ್ ಸೆನ್ಸಿಟಿವ್ ಎನ್ನುತ್ತಾರೆ, ಏರದವರನ್ನು ಸಾಲ್ಟ್ ರೆಸಿಸ್ಟೆಂಟ್. ಇದನ್ನು ಅಳೆಯುವುದು ಹೇಗೆ ಅಂತ ಮೊದಲು ನೋಡೋಣ. ಅಲ್ಲಿಂದ ಉಳಿದದ್ದು ಸುಲಭ.

ಸಂಶೋಧಕ ವೈನ್‌ಬರ್ಗರ್ ಮತ್ತು ಜೊತೆಗಾರರ ವಿಧಾನ ಹೀಗಿದೆ. ಮೊದಲ ದಿನ 4 ಗಂಟೆಯಲ್ಲಿ 2 ಲೀಟರ್ ಸಲೈನ್ ಡ್ರಿಪ್ ಕೊಡುತ್ತಾರೆ. ಮರುದಿನ ಉಪ್ಪು ತೀರಾ ಕಡಿಮೆ ಇರುವ ಊಟ, ಜೊತೆಗೆ ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಸುವ ಫ್ಯೂರೋಸಮೈಡ್. ಡ್ರಿಪ್ ಮುಗಿದಾಗಿನ ಬಿಪಿಯನ್ನು, ಉಪ್ಪು ಖಾಲಿಯಾದ ಮೇಲಿನ ಬಿಪಿಯ ಜೊತೆ ಹೋಲಿಸುತ್ತಾರೆ. ಸರಾಸರಿ ಒತ್ತಡ 10 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಸೆನ್ಸಿಟಿವ್, 5 ಅಥವಾ ಕಡಿಮೆ ಇಳಿದರೆ ರೆಸಿಸ್ಟೆಂಟ್. ಇದು ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆ, ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ಲೆಕ್ಕ ಅರ್ಥವಾಗಲಿ ಅಂತ ಒಂದು ಕಾಲ್ಪನಿಕ ಉದಾಹರಣೆ. ಸರಾಸರಿ ಒತ್ತಡ ಅಂದರೆ ಕೆಳಗಿನ ಅಂಕಿಗೆ, ಎರಡು ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸುವುದು. ಮೊದಲನೆಯವರಿಗೆ ಡ್ರಿಪ್ ನಂತರ 138/88, ಸರಾಸರಿ ಸುಮಾರು 105. ಉಪ್ಪು ಖಾಲಿಯಾದ ಮೇಲೆ 122/78, ಸರಾಸರಿ 93. ಇಳಿದದ್ದು 12, ಹಾಗಾಗಿ ಸೆನ್ಸಿಟಿವ್. ಎರಡನೆಯವರಿಗೆ 136/86, ಆಮೇಲೆ 132/84. ಸರಾಸರಿ 103ರಿಂದ 100ಕ್ಕೆ ಬಂತು, ಬರೀ 3. ಇವರು ರೆಸಿಸ್ಟೆಂಟ್. ಗಮನಿಸಿ, ಡ್ರಿಪ್ ನಂತರದ ಬಿಪಿ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಒಂದು ಸಲ ಬಿಪಿ ನೋಡಿ ಯಾರು ಸೆನ್ಸಿಟಿವ್ ಅಂತ ಹೇಳಲು ಆಗುವುದಿಲ್ಲ. 10 ಮತ್ತು 5 ಅನ್ನುವುದೂ ನಾವು ಎಳೆದುಕೊಂಡ ಗೆರೆಗಳೇ. ಜನ ಎರಡು ಗುಂಪಾಗಿ ನಿಂತಿಲ್ಲ, ನಡುವೆ ಎಲ್ಲ ತರದವರೂ ಇದ್ದಾರೆ.

ಈಗ ಕಾರಣಕ್ಕೆ ಬರೋಣ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ, ಅದರಲ್ಲಿರುವ ಸೋಡಿಯಂನಲ್ಲಿ ಹೆಚ್ಚುಕಡಿಮೆ ನೂರಕ್ಕೆ 99 ಭಾಗವನ್ನು ವಾಪಸ್ ಎಳೆದುಕೊಳ್ಳುತ್ತದೆ. ಕೊನೆಯ ಚೂರನ್ನು ಎಳೆಯಬೇಕೋ ಬಿಡಬೇಕೋ ಅನ್ನುವುದು ನಳಿಕೆಯ ತುದಿಯಲ್ಲಿರುವ ಸೋಡಿಯಂ ಚಾನೆಲ್‌ಗಳ ಮೇಲೆ ನಿಂತಿದೆ. ಇವನ್ನು ಬಾಗಿಲು ಅಂದುಕೊಳ್ಳಿ. ಉಪ್ಪು ಜಾಸ್ತಿಯಾದಾಗ ದೇಹದಲ್ಲಿ ಉಪ್ಪು ಉಳಿಸುವ ಹಾರ್ಮೋನ್‌ಗಳಾದ ರೆನಿನ್ ಮತ್ತು ಆಲ್ಡೊಸ್ಟೆರೋನ್ ಇಳಿಯಬೇಕು, ಬಾಗಿಲು ಮುಚ್ಚಬೇಕು, ಉಪ್ಪು ಮೂತ್ರಕ್ಕೆ ಹೋಗಬೇಕು. ಮುಚ್ಚುವುದು ತಡವಾದರೆ ದೇಹ ಒತ್ತಡವನ್ನೇ ಏರಿಸಿ ಉಪ್ಪನ್ನು ಹೊರಗೆ ತಳ್ಳುತ್ತದೆ. ಉಪ್ಪು ಹೋಗುವುದೇನೋ ಹೋಗುತ್ತದೆ, ಆದರೆ ಅದಕ್ಕೆ ತೆರುವ ಬೆಲೆ ಬಿಪಿ. ರಕ್ತನಾಳಗಳ ಪಾತ್ರವೂ ಇದೆ. ಉಪ್ಪು ಬಂದಾಗ ಅವು ಸಡಿಲವಾದರೆ ಒತ್ತಡ ಏರುವುದಿಲ್ಲ. ಯಾವುದು ಮುಖ್ಯ ಅನ್ನುವ ವಾದ ಇನ್ನೂ ನಡೆಯುತ್ತಿದೆ. ನನಗೆ ಕಿಡ್ನಿಯ ಕಡೆ ಪುರಾವೆ ಗಟ್ಟಿ ಅನಿಸುತ್ತದೆ.

ಯಾಕೆಂದರೆ ಲೂಯಿಸ್ ಡಾಲ್ ಎಂಬ ಸಂಶೋಧಕರ ಇಲಿಗಳು. 1960ರ ದಶಕದಲ್ಲಿ ಅವರು ಉಪ್ಪಿಗೆ ಬಿಪಿ ಏರುವ ಇಲಿಗಳನ್ನು ತಮ್ಮತಮ್ಮಲ್ಲೇ, ಏರದವನ್ನು ತಮ್ಮತಮ್ಮಲ್ಲೇ ಕೂಡಿಸುತ್ತ ಹೋದರು. ಕೆಲವೇ ತಲೆಮಾರುಗಳಲ್ಲಿ ಎರಡು ತಳಿ ಬೇರೆಯಾದವು. ಗುಣ ವಂಶದಲ್ಲಿ ಇಳಿಯುತ್ತದೆ ಅನ್ನುವುದಕ್ಕೆ ಇನ್ನೇನು ಬೇಕು? ಆಮೇಲೆ ಕಿಡ್ನಿ ಅದಲುಬದಲು ಮಾಡಿದರು. ರೆಸಿಸ್ಟೆಂಟ್ ಇಲಿಗೆ ಸೆನ್ಸಿಟಿವ್ ಇಲಿಯ ಕಿಡ್ನಿ ಹಾಕಿದರೆ ಬಿಪಿ ಏರಿತು, ತಿರುಗಿಸಿ ಮಾಡಿದರೆ ಇಳಿಯಿತು.

ಮನುಷ್ಯರಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಲಿಡ್ಲ್ ಸಿಂಡ್ರೋಮ್. 1963ರಲ್ಲಿ ವೈದ್ಯ ಗ್ರಾಂಟ್ ಲಿಡ್ಲ್ ಒಂದು ಕುಟುಂಬದ ಬಗ್ಗೆ ಬರೆದರು. ಹದಿಹರೆಯದ ಹುಡುಗಿಗೆ ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಡಿಮೆ. ಆಲ್ಡೊಸ್ಟೆರೋನ್ ಉಪ್ಪನ್ನು ಉಳಿಸಿ ಪೊಟ್ಯಾಸಿಯಂ ಹೊರಹಾಕಿಸುತ್ತದೆ, ಹಾಗಾಗಿ ನೋಡಿದರೆ ಅದು ಜಾಸ್ತಿ ಇರಬೇಕು ಅನಿಸುತ್ತದೆ ಅಲ್ವಾ? ಅದೂ ಕಡಿಮೆ! 1994ರಲ್ಲಿ ಕಾರಣ ಸಿಕ್ಕಿತು. ಆ ಚಾನೆಲ್‌ಗೆ ಒಂದು ಬಾಲವಿದೆ, ಅದನ್ನು ಹಿಡಿದು ಜೀವಕೋಶ ಹಳೆಯ ಚಾನೆಲ್‌ಗಳನ್ನು ಒಳಗೆಳೆದು ನಾಶ ಮಾಡುತ್ತದೆ. ಈ ಕುಟುಂಬಗಳಲ್ಲಿ ಬಾಲ ಕೆಟ್ಟಿದೆ. ಹಾಗಾಗಿ ಹಾರ್ಮೋನ್ ಹೇಳದಿದ್ದರೂ ಬಾಗಿಲು ತೆರೆದೇ ಇರುತ್ತದೆ. ಆ ಹುಡುಗಿಗೆ ಎಷ್ಟೋ ವರ್ಷಗಳ ನಂತರ ಕಿಡ್ನಿ ಕಸಿ ಮಾಡಿದಾಗ ಈ ತೊಂದರೆಯೇ ಹೋಯಿತು, ಡಾಲ್ ಅವರ ಇಲಿಗಳ ಹಾಗೆಯೇ.

ಲಿಡ್ಲ್ ಅಪರೂಪ. ಇಲ್ಲಿ ಒಂದೇ ಜೀನ್, ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಸಾಮಾನ್ಯ ಉಪ್ಪಿನ ಬಿಪಿ ಹಾಗಲ್ಲ. ಅದರಲ್ಲಿ ಬಹಳ ಜೀನ್‌ಗಳು ಚೂರುಚೂರು ಪಾಲು ಕೊಡುತ್ತವೆ, ವಯಸ್ಸು, ಕಿಡ್ನಿ ಕಾಯಿಲೆ, ಡಯಾಬಿಟಿಸ್ ಮೇಲೆ ಸೇರುತ್ತವೆ. ಅದಕ್ಕೇ ಅಣ್ಣನಿಗೆ ಏರಿ ತಂಗಿಗೆ ಏರದೆ ಇರಬಹುದು, ಅಥವಾ ಅವಳಿಗೆ ಇಪ್ಪತ್ತು ವರ್ಷ ತಡವಾಗಿ ಏರಬಹುದು.

ಹಾಗಾದರೆ ಲಿಡ್ಲ್ ಅಂತ ಅನುಮಾನ ಬರುವುದು ಯಾವಾಗ? ಚಿಕ್ಕ ವಯಸ್ಸಿನಲ್ಲೇ ಬಿಪಿ, ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಅದೇ ಕಥೆ, ರೆನಿನ್ ಮತ್ತು ಆಲ್ಡೊಸ್ಟೆರೋನ್ ಎರಡೂ ಕಡಿಮೆ. ಪೊಟ್ಯಾಸಿಯಂ ಕೂಡ ಕಡಿಮೆ ಇರುತ್ತದೆ, ಆದರೆ ಎಲ್ಲರಲ್ಲೂ ಅಲ್ಲ, ಅದು ಸರಿಯಾಗಿದೆ ಅಂತ ಲಿಡ್ಲ್ ಅಲ್ಲ ಎನ್ನಬೇಡಿ. ಔಷಧಿಯೂ ಸುಳಿವು ಕೊಡುತ್ತದೆ. ಆಲ್ಡೊಸ್ಟೆರೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್‌ಗೆ ಬಿಪಿ ಬಗ್ಗುವುದಿಲ್ಲ, ಬಾಗಿಲು ತೆರೆದಿರುವುದು ಆಲ್ಡೊಸ್ಟೆರೋನ್‌ನಿಂದ ಅಲ್ಲವಲ್ಲ. ಚಾನೆಲ್ಲನ್ನೇ ಮುಚ್ಚುವ ಅಮಿಲೊರೈಡ್ ಕೊಟ್ಟರೆ ಇಳಿಯುತ್ತದೆ.